ಬಾಖ್‌ನ ಒಂದು ಫ್ಯೂಗ್ ಕೇಳುವ ಕ್ರಮ

ಫ್ಯೂಗ್ ಕೇಳಲು ಹೊರಟವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಆರಂಭದಲ್ಲಿ ಬರುವ ಸ್ವರಗಳ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಎಲ್ಲೆಲ್ಲಿ ಮತ್ತೆ ಬರುತ್ತದೆಂದು ಹುಡುಕುತ್ತಾ ಹೋಗಿ. ಈ ಸಲಹೆ ತಪ್ಪಲ್ಲ, ಆದರೆ ಅರ್ಧ ದಾರಿಯದು. ಹೀಗೆ ಕೇಳಿದಾಗ ಕಿವಿ ಒಂದೇ ಸಾಲಿನ ಹಿಂದೆ ಓಡುತ್ತದೆ, ಉಳಿದದ್ದೆಲ್ಲ ಹಿನ್ನೆಲೆಯ ಗದ್ದಲವಾಗುತ್ತದೆ. ಫ್ಯೂಗ್‌ನಲ್ಲಿ ಹಿನ್ನೆಲೆ ಎಂಬುದೇ ಇಲ್ಲ. ಒಂದು ದನಿ ತನ್ನ ಮಾತು ಮುಗಿಸಿ ಮತ್ತೊಂದು ದನಿ ಅದೇ ಮಾತನ್ನು ಎತ್ತಿಕೊಂಡಾಗ, ಮೊದಲನೆಯದು ಸುಮ್ಮನಾಗುವುದಿಲ್ಲ, ಪಕ್ಕವಾದ್ಯದಂತೆ ಹಿಂಬಾಲಿಸುವುದೂ ಇಲ್ಲ. ತನ್ನದೇ ಆದ ಬೇರೊಂದು ಸಾಲನ್ನು ಹಿಡಿದು ಮುಂದೆ ನಡೆಯುತ್ತದೆ. ಆ ಎರಡನೆಯ ಸಾಲನ್ನು ಕೇಳಿಸಿಕೊಂಡರೆ ಫ್ಯೂಗ್ ಅರ್ಥವಾಗತೊಡಗುತ್ತದೆ.

ಇದನ್ನು ಕಲಿಯಲು ಒಂದೇ ಒಂದು ಕೃತಿ ಸಾಕು. ಯೋಹಾನ್ ಸೆಬಾಸ್ಟಿಯನ್ ಬಾಖ್ ಜರ್ಮನಿಯ ಕೋಥೆನ್‌ನಲ್ಲಿದ್ದಾಗ, 1722ರಲ್ಲಿ, ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಎಂಬ ಸಂಗ್ರಹದ ಮೊದಲ ಪುಸ್ತಕವನ್ನು ಸಿದ್ಧಪಡಿಸಿದ. ಹನ್ನೆರಡು ಸ್ವರಸ್ಥಾನಗಳಲ್ಲಿ ಪ್ರತಿಯೊಂದಕ್ಕೂ ಒಂದು ಮೇಜರ್, ಒಂದು ಮೈನರ್ ಎಂಬಂತೆ ಅದರಲ್ಲಿ 24 ಪ್ರಿಲ್ಯೂಡ್‌ಗಳೂ 24 ಫ್ಯೂಗ್‌ಗಳೂ ಜೋಡಿಯಾಗಿ ಇವೆ. ಅವುಗಳಲ್ಲಿ ಎರಡನೆಯ ಫ್ಯೂಗ್ ಸಿ ಮೈನರ್‌ನಲ್ಲಿದೆ. ಹುಡುಕಲು ಅದರ ಸಂಖ್ಯೆ ಬಿಡಬ್ಲ್ಯುವಿ 847. ಮೂರು ದನಿಗಳು, 31 ಬಾರ್‌ಗಳು, ನುಡಿಸಲು ಹೆಚ್ಚುಕಡಿಮೆ ಒಂದೂವರೆ ನಿಮಿಷ. ಒಬ್ಬನೇ ವಾದಕ ಹತ್ತು ಬೆರಳುಗಳಲ್ಲಿ ಮೂರೂ ದನಿಗಳನ್ನು ನಡೆಸುತ್ತಾನೆ. ಮೇಲಿನದು ಸೊಪ್ರಾನೊ, ನಡುವಿನದು ಆಲ್ಟೊ, ಕೆಳಗಿನದು ಬಾಸ್.

ಸಬ್ಜೆಕ್ಟ್: ಎರಡು ಬಾರ್‌ಗಳ ಬೀಜ

ಫ್ಯೂಗ್ ಶುರುವಾಗುವುದು ಒಂಟಿ ದನಿಯಿಂದ. ಇಲ್ಲಿ ಆಲ್ಟೊ ಒಂದೇ ಎರಡು ಬಾರ್‌ಗಳಷ್ಟು ಹೊತ್ತು ಮಾತಾಡುತ್ತದೆ, ಬೇರೆ ಯಾವ ಸ್ವರವೂ ಕೇಳಿಸುವುದಿಲ್ಲ. ಆ ಸಾಲೇ ಸಬ್ಜೆಕ್ಟ್. ಉಳಿದವು ಕಾಯುವುದಕ್ಕೆ ಕಾರಣವಿದೆ: ಮುಂದೆ ಮೂರು ದನಿಗಳ ನಡುವೆಯೂ ಗುರುತು ಸಿಗಬೇಕಾದ ಸಾಲು ಇದು. ಹಾಗಾಗಿ ಮೊದಲು ಅದನ್ನು ಬಿಡಿಯಾಗಿ ಕೇಳಿಸಲೇಬೇಕು.

‘ಸಿ’ಯನ್ನು ಷಡ್ಜವೆಂದು ಇಟ್ಟುಕೊಂಡರೆ ಈ ಸಬ್ಜೆಕ್ಟ್ ಹೀಗಿದೆ:

ಸ ನಿ ಸ ಪ ದ — ಸ ನಿ ಸ ರಿ ಪ — ಸ ನಿ ಸ ರಿ ಮ ಪ ದ ಪ ಮ ಗ

ಷಡ್ಜ ಮೇಲಿನದು, ಪ, ದ, ಮ, ಗ ಎಲ್ಲವೂ ಅದರ ಕೆಳಗೆ ಬರುತ್ತವೆ. ರಿಷಭ ಚತುಶ್ರುತಿ, ಗಾಂಧಾರ ಸಾಧಾರಣ, ಧೈವತ ಶುದ್ಧ, ನಿಷಾದ ಕಾಕಲಿ. ಸಂಗೀತ ಕಲಿತವರಿಗೆ ಇದು ಕೀರವಾಣಿಯ ಸ್ವರಗಳೆಂದು ತಕ್ಷಣ ಹೊಳೆಯುತ್ತದೆ. ಪಾಶ್ಚಾತ್ಯರ ಹಾರ್ಮೋನಿಕ್ ಮೈನರ್ ಸ್ಕೇಲ್‌ನ ಸ್ವರಸ್ಥಾನಗಳೂ ಇವೇ. ಹಾಗೆಂದು ಇಲ್ಲಿ ಕೀರವಾಣಿ ರಾಗವನ್ನು ಹುಡುಕಬೇಡಿ. ಗಮಕವಿಲ್ಲ, ರಾಗಸಂಚಾರದ ನಿಯಮಗಳಿಲ್ಲ. ಸ್ವರಾಕ್ಷರಗಳು ಹಾಡಿಕೊಂಡು ನೆನಪಿಡಲು ಮಾತ್ರ.

ಈಗ ಸಾಲಿನ ಒಳಗೆ ನೋಡಿ. ‘ಸ ನಿ ಸ’ ಎಂಬ ಪುಟ್ಟ ತಿರುವು ಮೂರು ಬಾರಿ ಬರುತ್ತದೆ. ಮೊದಲ ಎರಡು ಸ್ವರ ಚುರುಕು, ಮೂರನೆಯದು ತುಸು ಉದ್ದ. ಸಬ್ಜೆಕ್ಟನ್ನು ಗುರುತಿಸಲು ಇದೇ ಸುಲಭದ ಚಹರೆ. ಆದರೆ ಪ್ರತಿ ತಿರುವಿನ ನಂತರ ದನಿ ಕೆಳಕ್ಕೆ ನೆಗೆದು ಒಂದು ಸ್ವರವನ್ನು ಒತ್ತುತ್ತದೆ. ಅರ್ಧರ್ಧ ಬಾರ್‌ಗೆ ಬೀಳುವ ಈ ಸ್ವರಗಳನ್ನು ಮಾತ್ರ ಆರಿಸಿ ಹಾಡಿ ನೋಡಿ: ದ, ಪ, ಮ, ಗ. ನೆಗೆತಗಳ ಅಡಿಯಲ್ಲಿ ಒಂದೊಂದೇ ಮೆಟ್ಟಿಲು ಇಳಿಯುವ ಇನ್ನೊಂದು ಸಾಲು ಅಡಗಿದೆ. ಒಂಟಿ ದನಿಯೇ ಎರಡು ದನಿಗಳಂತೆ ಕೇಳಿಸುವುದು, ಸಬ್ಜೆಕ್ಟ್ ಅಷ್ಟು ಜಿಗಿದಾಡಿದರೂ ಚದುರದೆ ಗಟ್ಟಿಯಾಗಿ ನಿಲ್ಲುವುದು ಈ ಇಳಿಕೆಯಿಂದಲೇ. ಮೊದಲ ಹತ್ತು ನಿಮಿಷ ಇದಕ್ಕೇ ಕೊಡಿ. ಧ್ವನಿಮುದ್ರಿಕೆಯ ಮೊದಲ ಆರು ಸೆಕೆಂಡುಗಳನ್ನು ಮತ್ತೆ ಮತ್ತೆ ಕೇಳಿ, ಜೊತೆಗೆ ಗುನುಗಿ. ಸಬ್ಜೆಕ್ಟನ್ನು ಬಾಯಲ್ಲಿ ಹೇಳಲು ಬಾರದವರಿಗೆ ಮುಂದಿನದು ಕಿವಿಗೂ ಸಿಗುವುದು ಕಷ್ಟ.

ಆನ್ಸರ್: ಅದೇ ಮಾತು, ಪಂಚಮದಿಂದ

ಮೂರನೆಯ ಬಾರ್‌ನಲ್ಲಿ ಸೊಪ್ರಾನೊ ಬರುತ್ತದೆ. ಅದು ಹೇಳುವುದು ಅದೇ ಸಾಲನ್ನು, ಆದರೆ ಷಡ್ಜದ ಬದಲು ಅದರ ಮೇಲಿನ ಪಂಚಮದಿಂದ, ಅಂದರೆ ‘ಜಿ’ಯಿಂದ. ಹೀಗೆ ಪಂಚಮದ ನೆಲೆಯಲ್ಲಿ ಬರುವ ಸಬ್ಜೆಕ್ಟ್‌ಗೆ ಆನ್ಸರ್ ಎಂದು ಹೆಸರು. ಷಡ್ಜದಲ್ಲೇ ಮತ್ತೊಮ್ಮೆ ಹೇಳಿದ್ದರೆ ಅದು ಬರೀ ಪುನರುಕ್ತಿಯಾಗುತ್ತಿತ್ತು. ಪಂಚಮಕ್ಕೆ ಹೋದಾಗ ಸಂಗೀತ ಮನೆಯಿಂದ ಹೊರಗೆ ಹೆಜ್ಜೆ ಇಟ್ಟಂತಾಗುತ್ತದೆ, ಮತ್ತೆ ಮನೆಗೆ ಬರಬೇಕೆಂಬ ಎಳೆತವೂ ಹುಟ್ಟುತ್ತದೆ.

ಎಚ್ಚರದಿಂದ ಕೇಳಬೇಕಾದ ಒಂದು ಸ್ವರ ಇಲ್ಲಿದೆ. ಸಬ್ಜೆಕ್ಟನ್ನು ಇದ್ದ ಹಾಗೆಯೇ ಎತ್ತಿ ಪಂಚಮದಲ್ಲಿ ಇಟ್ಟಿದ್ದರೆ, ಮೂಲ ಷಡ್ಜದ ಲೆಕ್ಕದಲ್ಲಿ ಅದರ ಆರಂಭ ‘ಪ ಮ ಪ ರಿ ಗ’ ಎಂದಾಗಬೇಕಿತ್ತು (ಈ ಮಧ್ಯಮ ಪ್ರತಿ ಮಧ್ಯಮ). ಬಾಖ್ ಬರೆದದ್ದು ‘ಪ ಮ ಪ ಸ ಗ’. ನಾಲ್ಕನೆಯ ಸ್ವರ ರಿಷಭವಾಗದೆ ಷಡ್ಜವಾಗಿದೆ. ಉಳಿದ ಅಷ್ಟೂ ಸ್ವರಗಳು ನಿಖರವಾದ ನಕಲು, ಈ ಒಂದು ಮಾತ್ರ ಬೇರೆ.

ಕಾರಣ ಹೀಗೆ. ಒಂದು ಶ್ರುತಿ ನೆಲೆಯ ಎರಡು ಕಂಬಗಳು ಷಡ್ಜ ಮತ್ತು ಪಂಚಮ. ನಮ್ಮ ಸಬ್ಜೆಕ್ಟ್ ತನ್ನ ಆರಂಭದಲ್ಲೇ ಎರಡನ್ನೂ ಮುಟ್ಟುತ್ತದೆ: ಸ ದಿಂದ ಪ ಕ್ಕೆ ಹಾರುತ್ತದೆ. ಅದಕ್ಕೆ ತಕ್ಕ ಉತ್ತರವೆಂದರೆ ಪ ದಿಂದ ಸ ಕ್ಕೆ ಹಾರುವುದು. ಕಂಬಗಳು ಅವೇ, ಸ್ಥಾನ ಅದಲುಬದಲು. ರಿಷಭಕ್ಕೆ ಹಾರಿದ್ದರೆ ಕೇಳುಗನಿಗೆ ಷಡ್ಜ ಇನ್ನೂ ಗಟ್ಟಿಯಾಗಿ ನಾಟುವ ಮೊದಲೇ ನೆಲೆ ಕಿತ್ತುಹೋಗುತ್ತಿತ್ತು. ಒಂದು ಸ್ವರದ ಬದಲಾವಣೆಯಿಂದ ಬಾಖ್ ಆ ಕ್ಷಣವನ್ನು ಮನೆಯೊಳಗೇ ಹಿಡಿದಿಟ್ಟು, ಆಮೇಲೆ ಮೆಲ್ಲಗೆ ಪಂಚಮದ ನೆಲೆಗೆ ಜಾರುತ್ತಾನೆ. ಹೀಗೆ ತುಸು ತಿದ್ದಿದ ಉತ್ತರವನ್ನು ಟೋನಲ್ ಆನ್ಸರ್ ಎನ್ನುತ್ತಾರೆ. ಏನೂ ತಿದ್ದದೆ ಇದ್ದಂತೆಯೇ ಎತ್ತಿಟ್ಟದ್ದು ರಿಯಲ್ ಆನ್ಸರ್. ಶುರುವಿನಲ್ಲೇ ಪಂಚಮವನ್ನು ಎದ್ದು ಕಾಣುವಂತೆ ಬಳಸುವ ಸಬ್ಜೆಕ್ಟ್‌ಗಳಿಗೆ ಹೆಚ್ಚಾಗಿ ಟೋನಲ್ ಆನ್ಸರ್ ಬರುತ್ತದೆ.

ಕಿವಿಯಲ್ಲಿ ಇದನ್ನು ಹಿಡಿಯಲು ನೆಗೆತದ ಅಳತೆಯನ್ನು ಗಮನಿಸಿ. ಸಬ್ಜೆಕ್ಟ್‌ನಲ್ಲಿ ಮೂರನೆಯ ಸ್ವರದಿಂದ ನಾಲ್ಕನೆಯದಕ್ಕೆ ಮೇಲಿನ ಸ ದಿಂದ ಕೆಳಗಿನ ಪ ವರೆಗಿನ ಜಿಗಿತ. ಆನ್ಸರ್‌ನಲ್ಲಿ ಪ ದಿಂದ ಕೆಳಗಿನ ಸ ವರೆಗೆ, ಅಂದರೆ ಒಂದು ಮೆಟ್ಟಿಲು ಹೆಚ್ಚು. ಎರಡನ್ನೂ ಒಂದರ ಹಿಂದೆ ಒಂದು ಹಾಡಿದರೆ ವ್ಯತ್ಯಾಸ ತಾನಾಗಿ ಸಿಗುತ್ತದೆ.

ಕೌಂಟರ್‌ಸಬ್ಜೆಕ್ಟ್: ಮೊದಲ ದನಿ ಎತ್ತಿಕೊಂಡ ಎರಡನೆಯ ಸಾಲು

ಸೊಪ್ರಾನೊ ಆನ್ಸರ್ ಹೇಳುತ್ತಿರುವಾಗ ಆಲ್ಟೊ ಏನು ಮಾಡುತ್ತಿದೆ? ಹೊಸ ದನಿ ಮೇಲೆ ಬಂದ ಕೂಡಲೇ ಕಿವಿ ಅತ್ತ ಹಾರುವುದು ಸಹಜ. ಆದರೆ ಈ ಒಂದು ಸಲ ಅದನ್ನು ಕೆಳಗೇ ಹಿಡಿದುಕೊಳ್ಳಿ. ಆಲ್ಟೊ ಸಬ್ಜೆಕ್ಟ್‌ನ ಕೊನೆಯ ಗಾಂಧಾರವನ್ನು ಮುಟ್ಟಿ, ಅಲ್ಲಿಂದ ಮೇಲಿನ ಷಡ್ಜಕ್ಕೆ ಹಾರಿ, ಒಂದಿಷ್ಟೂ ನಿಲ್ಲದೆ ಕೆಳಗಿನ ಷಡ್ಜದವರೆಗೆ ಎಂಟು ಸ್ವರ ಸರಸರನೆ ಇಳಿಯುತ್ತದೆ. ಆಮೇಲೆ ವೇಗ ತಗ್ಗಿಸಿ, ಸಮವಾದ ಹೆಜ್ಜೆಗಳಲ್ಲಿ ಒಂದೂವರೆ ಬಾರ್ ನಡೆಯುತ್ತದೆ. ಮೊದಲು ಓಟದ ಇಳಿಕೆ, ನಂತರ ನಡಿಗೆ: ಇದು ಕೌಂಟರ್‌ಸಬ್ಜೆಕ್ಟ್.

ಆನ್ಸರ್ ಜೊತೆಗೆ ಬಂದ ಸಾಲೆಲ್ಲ ಕೌಂಟರ್‌ಸಬ್ಜೆಕ್ಟ್ ಆಗುವುದಿಲ್ಲ. ಆ ಹೆಸರು ಸಲ್ಲುವುದು ಮುಂದೆಯೂ ಸಬ್ಜೆಕ್ಟ್ ಬಂದಾಗ ಹೆಚ್ಚಾಗಿ ಅದೇ ಸಾಲು ಜೊತೆಗೆ ಬಂದರೆ. ಒಮ್ಮೆ ಮಾತ್ರ ಬಂದು ಮಾಯವಾದರೆ ಅದು ಬಿಡಿ ಸಾಲು ಅಷ್ಟೆ.

ಒಳ್ಳೆಯ ಕೌಂಟರ್‌ಸಬ್ಜೆಕ್ಟ್ ಎರಡು ಕೆಲಸ ಮಾಡಬೇಕು. ಮೊದಲನೆಯದು, ಸಬ್ಜೆಕ್ಟ್‌ಗಿಂತ ಬೇರೆಯಾಗಿ ಕೇಳಿಸಬೇಕು. ನಮ್ಮ ಸಬ್ಜೆಕ್ಟ್ ಒಂದು ಸಣ್ಣ ಮೌನದಿಂದ ಶುರುವಾಗುತ್ತದೆ, ಜಿಗಿಯುತ್ತದೆ. ಕೌಂಟರ್‌ಸಬ್ಜೆಕ್ಟ್ ಆ ಮೌನದಲ್ಲೇ ಓಡತೊಡಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಕೊನೆಯಲ್ಲಿ ಸಬ್ಜೆಕ್ಟ್ ಒಂದು ಉದ್ದ ಸ್ವರದ ಮೇಲೆ ನಿಂತಾಗ ಕೌಂಟರ್‌ಸಬ್ಜೆಕ್ಟ್ ನಡೆಯುತ್ತಲೇ ಇರುತ್ತದೆ. ಒಂದು ನಿಂತಲ್ಲಿ ಇನ್ನೊಂದು ಚಲಿಸುವುದರಿಂದಲೇ ಎರಡೂ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಎರಡೂ ಒಂದೇ ಲಯದಲ್ಲಿ ಸಾಗಿದ್ದರೆ ಒಂದು ರಾಗ ಮತ್ತು ಅದರ ನೆರಳು ಎಂಬಂತೆ ಬೆರೆತುಹೋಗುತ್ತಿದ್ದವು.

ಎರಡನೆಯ ಕೆಲಸ ಇನ್ನೂ ಕಠಿಣ. ಕೌಂಟರ್‌ಸಬ್ಜೆಕ್ಟ್ ಸಬ್ಜೆಕ್ಟ್‌ನ ಕೆಳಗೂ ಹೊಂದಬೇಕು, ಮೇಲೂ ಹೊಂದಬೇಕು. ಏಕೆಂದರೆ ಸಬ್ಜೆಕ್ಟ್ ಒಮ್ಮೆ ಮೇಲಿನ ದನಿಯಲ್ಲಿ ಬರುತ್ತದೆ, ಮತ್ತೊಮ್ಮೆ ಬಾಸ್‌ನಲ್ಲಿ. ಜೊತೆಯ ಸಾಲು ಆಗ ತನ್ನಷ್ಟಕ್ಕೆ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಹೀಗೆ ತಿರುಗಿಸಿದಾಗ ಸ್ವರಗಳ ನಡುವಿನ ಅಂತರ ಬದಲಾಗುತ್ತದೆ. ಕೆಳಗೆ ಸ, ಮೇಲೆ ಗ ಇದ್ದದ್ದು ತಿರುಗಿದರೆ ಕೆಳಗೆ ಗ, ಮೇಲೆ ಸ ಆಗುತ್ತದೆ. ಇದೂ ಇಂಪೇ. ಆದರೆ ಕೆಳಗೆ ಸ, ಮೇಲೆ ಪ ಇದ್ದದ್ದು ತಿರುಗಿದರೆ ಕೆಳಗೆ ಪ, ಮೇಲೆ ಸ. ಬಾಸ್‌ನ ಮೇಲೆ ಈ ಅಂತರ ನೆಲೆ ನಿಲ್ಲದು, ಮುಂದೆ ಎಲ್ಲಿಗಾದರೂ ಸರಿಯಬೇಕಾಗುತ್ತದೆ ಎಂಬುದು ಬಾಖ್ ಕಾಲದ ನಿಯಮ. ಆದ್ದರಿಂದ ಬರೆಯುವವನು ಸ–ಪ ಅಂತರವನ್ನು ಒತ್ತು ಬೀಳುವ ಜಾಗಗಳಿಂದ ದೂರವಿಡುತ್ತಾನೆ. ಅದಕ್ಕೇ ಫ್ಯೂಗ್ ಬರೆಯುವವರು ಸಬ್ಜೆಕ್ಟ್ ಮುಗಿಸಿ ಆಮೇಲೆ ಜೊತೆಯ ಸಾಲು ಹುಡುಕುವುದಕ್ಕಿಂತ, ಎರಡನ್ನೂ ಒಟ್ಟಿಗೇ ತಿರುಗಿಸಿ ಮುರುಗಿಸಿ ಪರೀಕ್ಷಿಸುತ್ತಾರೆ.

ಬಾಸ್ ಬಂದಾಗ

ಐದು ಮತ್ತು ಆರನೆಯ ಬಾರ್‌ಗಳಲ್ಲಿ ಸಬ್ಜೆಕ್ಟ್ ಪೂರ್ತಿಯಾಗಿ ಎಲ್ಲೂ ಇಲ್ಲ. ಆನ್ಸರ್ ನಮ್ಮನ್ನು ಪಂಚಮದ ನೆಲೆಗೆ ಕೊಂಡೊಯ್ದಿದೆ. ಬಾಸ್ ಮತ್ತೆ ಷಡ್ಜದಿಂದ ಶುರುಮಾಡಬೇಕಾದ್ದರಿಂದ ಹಿಂತಿರುಗಲು ಒಂದಿಷ್ಟು ದಾರಿ ಬೇಕು. ಆ ಪುಟ್ಟ ದಾರಿಗೆ ಕೊಡೆಟ್ಟಾ ಎಂದು ಹೆಸರು. ಏಳನೆಯ ಬಾರ್‌ನಲ್ಲಿ ಬಾಸ್ ಸಬ್ಜೆಕ್ಟನ್ನು ಎತ್ತುತ್ತದೆ. ಅದೇ ಗಳಿಗೆಯಲ್ಲಿ ಸೊಪ್ರಾನೊ ಕೌಂಟರ್‌ಸಬ್ಜೆಕ್ಟನ್ನು ಹಿಡಿಯುತ್ತದೆ. ಮೂರನೆಯ ಬಾರ್‌ನಲ್ಲಿ ಕೆಳಗಿದ್ದ ಓಟದ ಇಳಿಕೆ ಈಗ ಎಲ್ಲಕ್ಕಿಂತ ಮೇಲೆ. ತಿರುಗಿಸಿ ಬರೆದದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ನಡುವಿನ ಆಲ್ಟೊ ಮೂರನೆಯದೊಂದು ಸಾಲನ್ನು, ಎರಡನೆಯ ಕೌಂಟರ್‌ಸಬ್ಜೆಕ್ಟನ್ನು, ಸೇರಿಸುತ್ತದೆ. ಅದು ಓಡುವುದಿಲ್ಲ, ಹೆಚ್ಚು ಎದ್ದು ಕಾಣುವುದಿಲ್ಲ. ಮೊದಲ ಕೆಲವು ಕೇಳ್ಮೆಗಳಲ್ಲಿ ಅದನ್ನು ಬಿಟ್ಟುಬಿಡಬಹುದು.

ಮೂರು ದನಿಗಳೂ ಒಂದೊಂದು ಬಾರಿ ಸಬ್ಜೆಕ್ಟ್ ಹೇಳಿದಲ್ಲಿಗೆ, ಎಂಟನೆಯ ಬಾರ್‌ನ ಕೊನೆಗೆ, ಮೊದಲ ಭಾಗ ಮುಗಿಯುತ್ತದೆ. ಇದು ಎಕ್ಸ್‌ಪೊಸಿಷನ್. ಫ್ಯೂಗ್ ಎನಿಸಿಕೊಳ್ಳುವ ಕೃತಿಯಲ್ಲಿ ಈ ಭಾಗ ಬಹುಮಟ್ಟಿಗೆ ಕಟ್ಟುನಿಟ್ಟು. ಆಮೇಲಿನ ದಾರಿ ಪ್ರತಿ ಫ್ಯೂಗ್‌ಗೂ ಬೇರೆ.

ಕಿವಿ ಎಲ್ಲಿ ಮೋಸಹೋಗುತ್ತದೆ

ಎಕ್ಸ್‌ಪೊಸಿಷನ್ ಮುಗಿದ ಮೇಲೆ ಬರುವ, ಸಬ್ಜೆಕ್ಟ್ ಇಲ್ಲದ ಭಾಗಗಳಿಗೆ ಎಪಿಸೋಡ್ ಎನ್ನುತ್ತಾರೆ. ಒಂಬತ್ತು ಮತ್ತು ಹತ್ತನೆಯ ಬಾರ್‌ಗಳು ಇಂಥ ಮೊದಲ ಎಪಿಸೋಡ್. ಅಲ್ಲಿ ಸೊಪ್ರಾನೊ ಮತ್ತು ಆಲ್ಟೊ ಸಬ್ಜೆಕ್ಟ್‌ನ ಮೊದಲ ಐದು ಸ್ವರಗಳನ್ನು ಒಂದರಿಂದೊಂದು ಕಸಿದುಕೊಳ್ಳುತ್ತವೆ, ಬಾಸ್ ಕೌಂಟರ್‌ಸಬ್ಜೆಕ್ಟ್‌ನ ಇಳಿಕೆಯನ್ನು ಓಡಿಸುತ್ತದೆ. ಹೊಸಬರು ಇಲ್ಲೇ ತಪ್ಪುತ್ತಾರೆ. ‘ಸ ನಿ ಸ’ ತಿರುವು ಕೇಳಿದೊಡನೆ ಸಬ್ಜೆಕ್ಟ್ ಬಂತೆಂದುಕೊಂಡು ಎಣಿಸುತ್ತಾರೆ, ಲೆಕ್ಕ ಎಲ್ಲೋ ಹೋಗುತ್ತದೆ.

ಗುರುತಿಸುವ ದಾರಿ ಎರಡು. ಒಂದು, ಸಾಲು ಪೂರ್ತಿಯಾಗುತ್ತದೆಯೇ ನೋಡಿ. ತಿರುವು ಒಂದೇ ದನಿಯಲ್ಲಿ ಮೂರು ಬಾರಿ ಬಂದು ಕೊನೆಯ ‘ಪ ದ ಪ ಮ ಗ’ ಮುಗಿದರೆ ಮಾತ್ರ ಅದು ಸಬ್ಜೆಕ್ಟ್. ಐದು ಸ್ವರಕ್ಕೇ ನಿಂತು ಬೇರೆ ದನಿಗೆ ಹಾರಿದರೆ ಅದು ಎಪಿಸೋಡ್‌ನ ಆಟ. ಎರಡು, ಅದೇ ಕ್ಷಣದಲ್ಲಿ ಬೇರೊಂದು ದನಿಯಲ್ಲಿ ಕೌಂಟರ್‌ಸಬ್ಜೆಕ್ಟ್‌ನ ಓಟವೂ ಅದರ ಹಿಂದಿನ ನಡಿಗೆಯೂ ಒಂದಾಗಿ ಬರುತ್ತಿವೆಯೇ ನೋಡಿ. ಬಾಸ್ ಅಥವಾ ನಡುದನಿಯಲ್ಲಿ ಸಬ್ಜೆಕ್ಟ್ ಹುದುಗಿಹೋದಾಗ ಇದು ಹೆಚ್ಚು ನೆರವಾಗುತ್ತದೆ. ಎದ್ದು ಕೇಳುವ ಜೊತೆಯ ಸಾಲನ್ನು ಹಿಡಿದರೆ ಅಡಗಿರುವ ಸಬ್ಜೆಕ್ಟ್ ತಾನಾಗಿ ಸಿಗುತ್ತದೆ.

ಪೂರ್ತಿ ದಾರಿಯ ನಕ್ಷೆ

ಈ ಫ್ಯೂಗ್‌ನಲ್ಲಿ ಸಬ್ಜೆಕ್ಟ್ ಒಟ್ಟು ಎಂಟು ಬಾರಿ ಪೂರ್ತಿಯಾಗಿ ಬರುತ್ತದೆ. ಬಾರ್‌ಗೆ ಮೂರು ಸೆಕೆಂಡಿನಂತೆ ನುಡಿಸಿದರೆ ಸಮಯ ಹೀಗಾಗುತ್ತದೆ. ವಾದಕರ ವೇಗ ಬೇರೆಯಾಗುವುದರಿಂದ ಸೆಕೆಂಡಿಗಿಂತ ಅನುಕ್ರಮವನ್ನು ನಂಬಿ.

1. ಬಾರ್ 1, ಆರಂಭ: ಆಲ್ಟೊ, ಒಂಟಿಯಾಗಿ.
2. ಬಾರ್ 3, ಸುಮಾರು 6 ಸೆಕೆಂಡ್: ಸೊಪ್ರಾನೊದಲ್ಲಿ ಆನ್ಸರ್, ಕೆಳಗೆ ಕೌಂಟರ್‌ಸಬ್ಜೆಕ್ಟ್.
3. ಬಾರ್ 7, ಸುಮಾರು 18 ಸೆಕೆಂಡ್: ಬಾಸ್, ಮೇಲೆ ಕೌಂಟರ್‌ಸಬ್ಜೆಕ್ಟ್.
4. ಬಾರ್ 11, ಸುಮಾರು 30 ಸೆಕೆಂಡ್: ಸೊಪ್ರಾನೊ, ಇ ಫ್ಲ್ಯಾಟ್ ಮೇಜರ್‌ನಲ್ಲಿ.
5. ಬಾರ್ 15, ಸುಮಾರು 42 ಸೆಕೆಂಡ್: ಆಲ್ಟೊ, ಆನ್ಸರ್ ರೂಪದಲ್ಲಿ.
6. ಬಾರ್ 20, ಸುಮಾರು 57 ಸೆಕೆಂಡ್: ಸೊಪ್ರಾನೊ, ಮತ್ತೆ ಸಿ ಮೈನರ್.
7. ಬಾರ್ 26ರ ನಡುವಿನಿಂದ: ಬಾಸ್.
8. ಬಾರ್ 29ರ ನಡುವಿನಿಂದ: ಸೊಪ್ರಾನೊ, ಕೊನೆಯ ಬಾರಿ.

ಇವುಗಳಲ್ಲಿ ಮೂರು ತಾಣಗಳಲ್ಲಿ ನಿಂತು ಕೇಳಿ. ನಾಲ್ಕನೆಯದರಲ್ಲಿ ಸಬ್ಜೆಕ್ಟ್ ಮೇಜರ್‌ಗೆ ತಿರುಗುತ್ತದೆ. ಈಗ ಇ ಫ್ಲ್ಯಾಟ್ ಷಡ್ಜ, ಸ್ವರಸ್ಥಾನಗಳು ಶಂಕರಾಭರಣದವು. ಸಾಲಿನ ಆಕಾರ ಅದೇ, ಧೈವತ ಗಾಂಧಾರಗಳು ಮಾತ್ರ ಅರ್ಧ ಮೆಟ್ಟಿಲು ಮೇಲೇರಿವೆ. ಬಣ್ಣವೇ ಬೇರೆಯಾಗುತ್ತದೆ. ಏಳನೆಯದು ಬಾರ್‌ನ ನಡುವಿನಿಂದ ಶುರುವಾಗುತ್ತದೆ. ಅದಕ್ಕೆ ಮುಂಚಿನ ಎಪಿಸೋಡ್ ಉಳಿದವುಗಳಿಗಿಂತ ಉದ್ದ, ಹಾಗಾಗಿ ಬಾಸ್‌ನ ಪ್ರವೇಶಕ್ಕೆ ತೂಕ ಹೆಚ್ಚು. ಎಂಟನೆಯದರಲ್ಲಿ ಕೌಂಟರ್‌ಸಬ್ಜೆಕ್ಟ್ ಇಲ್ಲ. ಬಾಸ್ ಷಡ್ಜದ ಮೇಲೆ ಅಲುಗದೆ ನಿಲ್ಲುತ್ತದೆ, ನಡುವೆ ಸ್ವರಮೇಳಗಳು ಬರುತ್ತವೆ, ಸಬ್ಜೆಕ್ಟ್ ಮೇಲೆ ಕೊನೆಯದಾಗಿ ಸಾಗುತ್ತದೆ. ಅದುವರೆಗೆ ಬಿಡದೆ ಜೊತೆಗಿದ್ದ ಸಾಲು ಈಗ ಇಲ್ಲವೆಂಬುದೇ ಕೃತಿ ಮುಗಿಯುತ್ತಿದೆ ಎಂಬ ಸೂಚನೆ. ಕಟ್ಟಕಡೆಯ ಸ್ವರಮೇಳದಲ್ಲಿ ಸಾಧಾರಣ ಗಾಂಧಾರದ ಬದಲು ಅಂತರ ಗಾಂಧಾರ ಬರುತ್ತದೆ. ಮೈನರ್ ಕೃತಿ ಮೇಜರ್‌ನಲ್ಲಿ ಮುಗಿಯುತ್ತದೆ.

ಯಾರ ವಾದನ, ಮುಂದೆ ಯಾವ ಕೃತಿ

ಪಿಯಾನೋದಲ್ಲಿ ಗ್ಲೆನ್ ಗೂಲ್ಡ್, ರೋಸಲಿನ್ ಟ್ಯೂರೆಕ್, ಆಂಡ್ರಾಶ್ ಶಿಫ್, ಹಾರ್ಪ್ಸಿಕಾರ್ಡ್‌ನಲ್ಲಿ ವಾಂಡಾ ಲಾಂಡೋವ್ಸ್ಕಾ, ಗುಸ್ತಾವ್ ಲಿಯೊನ್‌ಹಾರ್ಟ್ ಈ ಸಂಗ್ರಹವನ್ನು ಧ್ವನಿಮುದ್ರಿಸಿದ್ದಾರೆ. ವಾದ್ಯದ ಆಯ್ಕೆ ಕೇಳುವ ರೀತಿಯನ್ನೇ ಬದಲಿಸುತ್ತದೆ. ಪಿಯಾನೋದಲ್ಲಿ ವಾದಕ ಒಂದು ದನಿಯನ್ನು ಜೋರಾಗಿ, ಮತ್ತೊಂದನ್ನು ಮೆಲ್ಲಗೆ ನುಡಿಸಬಲ್ಲ. ಹಾಗಾಗಿ ಸಬ್ಜೆಕ್ಟ್ ಎದ್ದು ಕೇಳುತ್ತದೆ, ಕಲಿಯಲು ಸುಲಭ. ಹಾರ್ಪ್ಸಿಕಾರ್ಡ್‌ನಲ್ಲಿ ಬೆರಳಿನ ಒತ್ತಿನಿಂದ ಸದ್ದು ಏರಿಳಿಯುವುದಿಲ್ಲ. ಮೂರು ದನಿಗಳೂ ಸಮವಾಗಿ ಬರುತ್ತವೆ, ಆರಿಸಿಕೊಳ್ಳುವ ಕೆಲಸವೆಲ್ಲ ಕೇಳುಗನದು. ಮೊದಲು ಪಿಯಾನೋದಲ್ಲಿ ಸಬ್ಜೆಕ್ಟನ್ನು ಎಂಟು ಬಾರಿಯೂ ಹಿಡಿಯಿರಿ. ಆಮೇಲೆ ಅದೇ ವಾದನವನ್ನು ಕೌಂಟರ್‌ಸಬ್ಜೆಕ್ಟ್ ಒಂದನ್ನೇ ಹಿಂಬಾಲಿಸಿ ಕೇಳಿ. ಮೂರನೆಯ ಸುತ್ತಿಗೆ ಹಾರ್ಪ್ಸಿಕಾರ್ಡ್‌ಗೆ ಹೋಗಿ, ಎರಡೂ ಸಾಲುಗಳು ಒಟ್ಟಿಗೆ ಕೇಳಿಸುತ್ತವೆಯೇ ನೋಡಿ.

ಇದು ಕೈಗೆ ಬಂದ ಮೇಲೆ ಅದೇ ಪುಸ್ತಕದ ಮೊದಲ ಫ್ಯೂಗ್‌ಗೆ, ಸಿ ಮೇಜರ್‌ನದಕ್ಕೆ, ಬನ್ನಿ. ಅದರಲ್ಲಿ ನಾಲ್ಕು ದನಿಗಳು, 27 ಬಾರ್‌ಗಳು, ಮತ್ತು ಆನ್ಸರ್ ತಿದ್ದುಪಡಿಯಿಲ್ಲದ ರಿಯಲ್ ಆನ್ಸರ್. ನಿಯಮಿತವಾದ ಕೌಂಟರ್‌ಸಬ್ಜೆಕ್ಟ್ ಅಲ್ಲಿ ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಬಾಖ್ ಬೇರೊಂದು ಉಪಾಯ ಹೂಡುತ್ತಾನೆ: ಒಂದು ದನಿ ಸಬ್ಜೆಕ್ಟ್ ಮುಗಿಸುವ ಮೊದಲೇ ಇನ್ನೊಂದು ದನಿ ಅದೇ ಸಬ್ಜೆಕ್ಟನ್ನು ಎತ್ತಿಕೊಳ್ಳುತ್ತದೆ. ಇದಕ್ಕೆ ಸ್ಟ್ರೆಟ್ಟೊ ಎನ್ನುತ್ತಾರೆ. ಸಬ್ಜೆಕ್ಟ್‌ಗೆ ಸಬ್ಜೆಕ್ಟೇ ಜೊತೆಯ ಸಾಲಾಗುತ್ತದೆ. ಸಿ ಮೈನರ್‌ನಲ್ಲಿ ಎರಡು ಬೇರೆ ಸಾಲುಗಳನ್ನು ಒಟ್ಟಿಗೆ ಹಿಡಿಯಲು ಪಳಗಿದ ಕಿವಿಗೆ, ಒಂದೇ ಸಾಲು ತನ್ನ ಮೇಲೆಯೇ ಬಂದು ಕೂಡುವುದನ್ನು ಬಿಡಿಸಿ ಕೇಳುವುದು ಮುಂದಿನ ಪಾಠ.